ಜಗಳಕ್ಕೊಂದು ಪುಟ, ಟೆಸ್ಟಿಗೊಂದು ಗುರುತು

"ಬರದ್ರ ಜಗಳ ಹೋಗ್ತದೇನು?" ಅಂತ ಕೇಳಿದ ಗೆಳತಿಯರೇ ಈಗ ಪುಟ ಹೆಂಗ ಮಡಚ್ತಿ ಅಂತ ಕೇಳ್ತಿದ್ದಾರೆ. ಗೆಳತಿಯರ ಜೊತೆ ಜಗಳವಾದಾಗ ಡೈರಿ ಬರೆದು ಮನಸ್ಸು ತಿಳಿ ಮಾಡಿಕೊಳ್ಳಲು ಹತ್ತನೇ ತರಗತಿಯ ಈ ವರ್ಷ ನನಗೆ ನಿಜಕ್ಕೂ ಕೆಲಸ ಮಾಡಿದ ಪದ್ಧತಿ ಇದು.

ಬೀಗದ ಡೈರಿಗೆ ಸುಮಾರು 200 ರೂಪಾಯಿ ಕೊಟ್ಟದ್ದು ದಂಡ. ಹೇರ್‌ಪಿನ್ನಿಗೇ ಬಿಚ್ಚಿಕೊಳ್ಳುತ್ತದೆ, ಬೀಗ ಕಂಡರೆ ತಂಗಿಗೆ ಆಸೆ ಬೇರೆ. ಫೋನು ಮನೆಮಂದಿಗೆಲ್ಲ ಒಂದೇ, ಅದರಲ್ಲಿ ಗುಟ್ಟು ಉಳಿಯುವುದಿಲ್ಲ. ಉಳಿದದ್ದು 40 ರೂಪಾಯಿ ಆಸುಪಾಸಿನ ಲಾಂಗ್ ನೋಟ್‌ಬುಕ್. ಖಾಕಿ ಹೊದಿಕೆ ಹಾಕಿ 'ಗಣಿತ ರಫ್' ಅಂತ ಬರೆಯಿರಿ, ಮೊದಲ ನಾಲ್ಕೈದು ಪುಟದಲ್ಲಿ ನಿಜವಾದ ಲೆಕ್ಕಗಳೇ ಇರಲಿ. ರಾಯಚೂರಿನ ಧಗೆಯಲ್ಲಿ ಅಂಗೈ ಬೆವರಿ ಜೆಲ್ ಪೆನ್ನಿನ ಅಕ್ಷರ ಕದಡುತ್ತದೆ, ಬಾಲ್ ಪೆನ್ನೇ ಸರಿ.

ಸಿಟ್ಟು ಬಂದಷ್ಟೂ ಬರೆದರೆ ಕೆಲಸ ಕೆಡುತ್ತದೆ. ಒಂದೇ ಜಗಳವನ್ನು ಮೂರು ರಾತ್ರಿ ಬರೆದರೆ ಮೂರನೆಯ ರಾತ್ರಿಗೆ ಗೆಳತಿ ಇನ್ನೂ ಕೆಟ್ಟವಳಾಗಿರುತ್ತಾಳೆ. ಅದಕ್ಕೆ 15 ನಿಮಿಷದ ಮಿತಿ, ಮಧ್ಯಕ್ಕೆ ಮಡಚಿದ ಪುಟ. ಎಡಕ್ಕೆ ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಮಾತ್ರ. ಬಲಕ್ಕೆ ನನಗೆ ಅನಿಸಿದ್ದು. ಕೆಳಗಿನ ಐದು ಸಾಲು ಮರುದಿನಕ್ಕೆ ಖಾಲಿ.

ಒಂದು ಪುಟ ಹೀಗಿದೆ. ಎಡಕ್ಕೆ: "ಊಟಕ್ಕ ಕರೀಲಿಲ್ಲ. ಕೇಳಿದ್ರ, 'ನಿನಗೆಲ್ಲಿ ಟೈಮ್ ಐತಿ' ಅಂದ್ಲು." ಬಲಕ್ಕೆ: "ಬೇರೆ ಗುಂಪು ಮಾಡ್ಯಾಳ. ನಾನು ಬ್ಯಾಡಾಗೀನಿ." ಮರುದಿನ ಬಲಗಡೆಯ ಒಂದೊಂದು ಸಾಲಿಗೂ ಎಡಗಡೆ ಆಧಾರ ಹುಡುಕಬೇಕು. ಗುಂಪಿನ ಮಾತಿಗೆ ಒಂದೂ ಸಿಗಲಿಲ್ಲ. ಎಡಕ್ಕೆ ಉಳಿದದ್ದು 'ಟೈಮ್' ಅನ್ನುವ ಮಾತು. ಖಾಲಿ ಸಾಲಿನಲ್ಲಿ ಕೇಳಬೇಕಾದ ಒಂದೇ ಪ್ರಶ್ನೆ ಬರೆದೆ: "ಟೈಮ್ ಇಲ್ಲ ಅಂತ ನಿನಗ್ಯಾಕ ಅನ್ನಿಸ್ತು?" ಕೇಳಿದಾಗ ಗೊತ್ತಾಯಿತು, ಟ್ಯೂಷನ್ ಅಂತ ಎರಡು ಭಾನುವಾರ ನಾನು ಆ ಗೆಳತಿಯ ಮನೆಗೆ ಹೋಗದ್ದು ಅವಳಿಗೆ ನೋವಾಗಿತ್ತು. ಜಗಳ ಅಲ್ಲಿಗೇ ಮುಗಿಯಿತು.

ಆಮೇಲೆ ಪುಟದ ಮೂಲೆಯಲ್ಲಿ ಟೆಸ್ಟಿನ ದಿನ ಮತ್ತು ಹಿಂದಿನ ರಾತ್ರಿ ಎಷ್ಟು ತಾಸು ಮಲಗಿದೆ ಅಂತ ಗುರುತು ಹಾಕತೊಡಗಿದೆ. ಎರಡು ತಿಂಗಳ ಪುಟ ತಿರುವಿದರೆ ಮುಕ್ಕಾಲು ಪಾಲು ಜಗಳ ಟೆಸ್ಟ್ ವಾರದಲ್ಲೇ, ಅದೂ ಐದು ತಾಸಿಗಿಂತ ಕಡಿಮೆ ಮಲಗಿದ ಮರುದಿನ. ಈಗ ಆ ವಾರ ಯಾರ ಮಾತಿಗೂ ಅದೇ ದಿನ ಉತ್ತರ ಕೊಡುವುದಿಲ್ಲ. ಇದನ್ನು ಕಂಡುಹಿಡಿದದ್ದು ನಾನೇ ಅನ್ನುವ ಹೆಮ್ಮೆ ನನಗಿದೆ.

ಮನಸ್ಸಿಗೆ 10ಕ್ಕೆ ಇಷ್ಟು ಅಂತ ಅಂಕ ಹಾಕಿಯೂ ನೋಡಿದೆ. ದಿನಾ ನಾಲ್ಕೋ ಐದೋ ಬಂತು, ಬಿಟ್ಟೆ. ಕಳಿಸದ ಪತ್ರ ಬರೆದು ಹರಿದದ್ದು ಪರವಾಗಿಲ್ಲ, ಆ ರಾತ್ರಿಯ ನಿದ್ದೆಗೆ ಸಾಕು. ಹೆಸರುಗಳ ಬದಲು ನಾನು ಬಳಸುವ ಗುರುತುಗಳನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ನಿಮ್ಮವು ನೀವೇ ಕಟ್ಟಿಕೊಳ್ಳಿ.

ಯಾರಾದರೂ ಹೊಡೆಯುತ್ತಿದ್ದರೆ, ಬದುಕೇ ಬೇಡ ಅನಿಸುತ್ತಿದ್ದರೆ ಈ ಪುಟ ಸಾಲದು. ಮಕ್ಕಳ ಸಹಾಯವಾಣಿ 1098, ಮನಸ್ಸಿನ ವಿಷಯಕ್ಕೆ ಟೆಲಿ ಮಾನಸ್ 14416. ಎರಡನ್ನೂ ನೋಟ್‌ಬುಕ್ಕಿನ ಕೊನೆಯ ರಟ್ಟಿನ ಒಳಗೆ ಬರೆದಿಟ್ಟಿದ್ದೇನೆ.