ಬುಗುಡಿ ಜಾಗದ ತೂತು, ಆರು ವಾರದ ಕಡ್ಡಿ

ನಮ್ಮದು ಅಕ್ಕಸಾಲಿಗರ ಮನೆ. ಅಜ್ಜ ಚುಚ್ಚುತ್ತಿದ್ದರು, ಅಪ್ಪ ಚುಚ್ಚಿದರು, ಈಗ ನಾನು. ಮಕ್ಕಳ ಕಿವಿಹಾಲೆಗೆ ಚಿನ್ನದ ತಂತಿ ಹಾಕಿ ಬಾಗಿಸಿ ಬಿಡುವುದರಲ್ಲಿ ಅಪ್ಪನ ಕೈಯನ್ನು ಮೀರಿಸಿದವರನ್ನು ನಾನು ನೋಡಿಲ್ಲ. ತೊಂದರೆ ಶುರುವಾಗಿದ್ದು ಮೇಲ್ಗಿವಿಯಿಂದ. ಹಿಂದೆ ಅಜ್ಜಿಯರು ಬುಗುಡಿ ಹಾಕುತ್ತಿದ್ದ ಜಾಗವೇ ಅದು. ಈಗಿನ ಕಾಲೇಜು ಹುಡುಗಿಯರು ಅದನ್ನು ಹೆಲಿಕ್ಸ್ ಅಂತ ಕೇಳಿಕೊಂಡು ಬರುತ್ತಾರೆ.

ಮೊದಲ ಎರಡು ವರ್ಷ ನಾನು ಅದಕ್ಕೂ ತಿರುಪಿನ ಓಲೆಯನ್ನೇ ಹಾಕುತ್ತಿದ್ದೆ. ಇಪ್ಪತ್ತೆರಡು ಕ್ಯಾರೆಟ್ ಚಿನ್ನ ಅಲ್ವಾ, ಏನಾಗುತ್ತೆ ಅಂದುಕೊಂಡಿದ್ದೆ. ಹತ್ತರಲ್ಲಿ ನಾಲ್ಕು ಕಿವಿಯಾದರೂ ಗಂಟು ಕಟ್ಟಿಕೊಂಡು ವಾಪಸ್ ಬರುತ್ತಿದ್ದವು. ನಾನು ಚಿನ್ನವನ್ನು ಬೈದೆ, ಬೆಸುಗೆಯನ್ನು ಬೈದೆ, ಹುಡುಗಿಯರ ಶಾಂಪೂವನ್ನೂ ಬೈದೆ. ಒಂದು ದಿನ ತೆಗೆದ ಓಲೆಯೊಂದನ್ನು ಕಣ್ಣಿಗೆ ಭೂತಗನ್ನಡಿ ಇಟ್ಟುಕೊಂಡು ನೋಡಿದೆ. ಕಡ್ಡಿಯ ಮೇಲಿನ ತಿರುಪಿನ ಗೆರೆಗಳ ತುಂಬ ಒಣಗಿದ ರಸಿಕೆ, ಸೋಪಿನ ಜಿಡ್ಡು, ಸುತ್ತಿಕೊಂಡ ಒಂದು ಕೂದಲು. ಹಾಕುವಾಗಲೂ ತೆಗೆಯುವಾಗಲೂ ಆ ಗೆರೆಗಳು ಹಸಿ ಗಾಯವನ್ನು ಗರಗಸದ ಹಾಗೆ ಉಜ್ಜಿಕೊಂಡೇ ಹೋಗಬೇಕು. ತಪ್ಪು ಚಿನ್ನದ್ದಲ್ಲ, ಕಡ್ಡಿಯದ್ದು.

ಅಪ್ಪನ ತಂತಿ ಹಾಲೆಗೆ ಯಾಕೆ ಒಗ್ಗುತ್ತದೆ ಅಂತ ಆಗ ಅರ್ಥವಾಯಿತು. ಅದು ನುಣುಪು, ಹಗುರ, ಊತಕ್ಕೆ ಜಾಗ ಬಿಡುತ್ತದೆ. ಹಾಗಂತ ಅದೇ ತೆಳು ತಂತಿಯನ್ನು ಮೂವರ ಮೇಲ್ಗಿವಿಯ ಮೆತ್ತೆಲುಬಿಗೆ, ಅಂದರೆ ಕಾರ್ಟಿಲೇಜಿಗೆ, ಹಾಕಿ ನೋಡಿದೆ. ಬಟ್ಟೆ ಸಿಕ್ಕಿಕೊಂಡಾಗಲೆಲ್ಲ ಕೊಯ್ದ ಹಾಗಾಗಿ ತೂತು ಉದ್ದವಾಯಿತು. ಆ ಮೂವರಿಗೂ ದುಡ್ಡು ವಾಪಸ್ ಕೊಟ್ಟೆ.

ಆಮೇಲೆ ಟೈಟಾನಿಯಂಗೆ ಬಂದೆ. 1.2 ಮಿಲಿಮೀಟರ್ ದಪ್ಪದ ನುಣುಪು ಕಡ್ಡಿ, ಹಿಂದೆ ಚಪ್ಪಟೆ ಬಿಲ್ಲೆ, ತಿರುಪು ಕಡ್ಡಿಯ ಒಳಗೆ. ಸೂಜಿಯಿಂದಲೇ ಚುಚ್ಚುವುದು, ಗನ್ ಮುಟ್ಟುವುದಿಲ್ಲ. 'ಚಿನ್ನದಂಗಡಿಲಿ ಕೂತ್ಕೊಂಡು ತಗಡು ಹಾಕ್ತೀಯಲ್ಲೋ, ಮಾನ ಕಳೀತೀಯ' ಅಂದರು ಅಪ್ಪ. ಬೀದಿಯ ಉಳಿದ ಅಂಗಡಿಯವರೂ ನಕ್ಕರು. ನಗುವುದಕ್ಕೆ ಕಾರಣವೂ ಇತ್ತು. ಸೂಜಿ, ಕಡ್ಡಿಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಕುಕ್ಕರಿನಂಥ ಆಟೋಕ್ಲೇವಿಗೆ ಹೆಚ್ಚುಕಡಿಮೆ ಎಂಟು ಸಾವಿರ, ಮೊದಲ ನೂರು ಕಡ್ಡಿಗೆ ಇಪ್ಪತ್ತು ಸಾವಿರದ ಹತ್ತಿರ ಹೋಗಿತ್ತು. ಗನ್ನಿನವರು ಇನ್ನೂರು ರೂಪಾಯಿಗೆ ಚುಚ್ಚಿ ಕಳಿಸುವಾಗ ನಾನು ಸಾವಿರದ ಇನ್ನೂರು ಕೇಳಬೇಕಿತ್ತು.

ಆ ನೂರು ಕಡ್ಡಿಯದ್ದೇ ಒಂದು ಕಥೆ. ಪೊಟ್ಟಣದ ಮೇಲೆ ASTM F136 ಅಂತ, ಅಂದರೆ ಮೈಯೊಳಗೆ ಕೂರಿಸುವ ದರ್ಜೆಯ ಟೈಟಾನಿಯಂ ಅಂತ, ಅಚ್ಚಾಗಿತ್ತು. ಕೈಯಲ್ಲಿ ಹಿಡಿದಾಗ ಕೆಲವು ಯಾಕೋ ಭಾರ ಅನ್ನಿಸಿದವು. ಮ್ಯಾಗ್ನೆಟ್ ಇಟ್ಟು ಪ್ರಯೋಜನವಿಲ್ಲ, ಸರ್ಜಿಕಲ್ ಸ್ಟೀಲ್ ಅನ್ನುವ 316L ಸ್ಟೀಲಿಗೂ ಅದು ಹೆಚ್ಚುಕಡಿಮೆ ಅಂಟುವುದಿಲ್ಲ. ಹಾಗಾಗಿ ಒಂಬತ್ತು ವೋಲ್ಟಿನ ಮೂರು ಬ್ಯಾಟರಿ ಸಾಲಾಗಿ ಜೋಡಿಸಿದೆ. ಅಡುಗೆ ಸೋಡಾ ಕರಗಿಸಿದ ನೀರಿಗೆ ಸ್ಟೀಲ್ ಚಮಚ ಇಳಿಬಿಟ್ಟು ಮೈನಸ್ ಕೊಟ್ಟೆ, ಕಡ್ಡಿಗೆ ಪ್ಲಸ್. ಟೈಟಾನಿಯಂ ಆದರೆ ಕೆಲವೇ ಸೆಕೆಂಡಿನಲ್ಲಿ ನೀಲಿಯಾಗುತ್ತದೆ. ಬಣ್ಣ ಹಚ್ಚಿದ್ದಲ್ಲ, ಲೋಹದ ಮೈಮೇಲಿನ ಪೊರೆ ದಪ್ಪವಾಗಿ ಹಾಗೆ ಕಾಣುವುದು. ಸ್ಟೀಲಾದರೆ ಬರೀ ಗುಳ್ಳೆ, ಆಮೇಲೆ ಕಂದು ಕಲೆ. ಮೂವತ್ತರ ಹತ್ತಿರ ಕಡ್ಡಿ ಸ್ಟೀಲ್! ಮಾರಿದವನು ಫೋನ್ ಎತ್ತಲಿಲ್ಲ. ಆದರೆ ಈ ಪರೀಕ್ಷೆಗೂ ಮಿತಿಯುಂಟು. ಟೈಟಾನಿಯಂ ಹೌದೋ ಅಲ್ಲವೋ ಅಂತ ಹೇಳುತ್ತದೆ, ಯಾವ ದರ್ಜೆಯದು ಅಂತ ಹೇಳುವುದಿಲ್ಲ. ಅದಕ್ಕೆ ಈಗ ಲೋಹ ತಯಾರಿಸಿದ ಕಾರ್ಖಾನೆಯ ಮಿಲ್ ಸರ್ಟಿಫಿಕೇಟ್ ಇಲ್ಲದ ಮಾಲು ಮುಟ್ಟುವುದಿಲ್ಲ. ನೀಲಿಯಾದ ಕಡ್ಡಿಗಳನ್ನು ನೂರು ರೂಪಾಯಿ ಜಾಸ್ತಿಗೇ ಮಾರಿದೆ ಅನ್ನಿ.

316L ಸ್ಟೀಲಿನಲ್ಲಿ ನೂರಕ್ಕೆ ಹತ್ತರಿಂದ ಹದಿನಾಲ್ಕು ಪಾಲು ನಿಕಲ್ ಇರುತ್ತದೆ. ಅದು ಸುಲಭವಾಗಿ ಹೊರಬರುವುದಿಲ್ಲ, ಎಷ್ಟೋ ಜನಕ್ಕೆ ಏನೂ ಆಗುವುದಿಲ್ಲ. ಆದರೆ ವಾಚಿನ ಬಕಲ್, ಜೀನ್ಸಿನ ಗುಂಡಿ ತಾಗಿದರೆ ತುರಿಸುತ್ತದೆ ಅನ್ನುವವರ ಹಸಿ ಗಾಯಕ್ಕೆ ಅದನ್ನು ಯಾಕೆ ಹಾಕಬೇಕು?

ಟೈಟಾನಿಯಂ ಬಂದ ಮೇಲೂ ಗಂಟು ಪೂರ್ತಿ ನಿಲ್ಲಲಿಲ್ಲ. ಹತ್ತರಲ್ಲಿ ನಾಲ್ಕು ಇದ್ದದ್ದು ಎರಡಾಯಿತು, ಅಷ್ಟೇ. ಅಪ್ಪ ಏನೂ ಅನ್ನಲಿಲ್ಲ, ಸುಮ್ನೆ ನೋಡಿದರು.

ಉಳಿದ ಪಾಠ ಹೇಳಿಕೊಟ್ಟದ್ದು ಒಬ್ಬ ನರ್ಸಿಂಗ್ ಹುಡುಗಿ. ಎಂಟು ಮಿಲಿಮೀಟರ್ ಕಡ್ಡಿ ಹಾಕಿ ಕಳಿಸಿದ್ದೆ. ಕಿವಿಯ ದಪ್ಪಕ್ಕೆ ಅದು ಎರಡು ಮಿಲಿಮೀಟರ್ ಜಾಸ್ತಿ, ಊತಕ್ಕೆ ಬೇಕೇ ಬೇಕು. ಹತ್ತನೇ ವಾರಕ್ಕೆ ಬಂದಳು. ಹಿಂದೆ ಮೆಣಸಿನ ಕಾಳಿನಷ್ಟು ಕೆಂಪು ಗಂಟು. ಊತ ಇಳಿದು ಕಡ್ಡಿ ಹಿಂದೆ ಮುಂದೆ ಜಾರಾಡುತ್ತಿತ್ತು. ಆ ಪಕ್ಕಕ್ಕೇ ಮಲಗುತ್ತಿದ್ದಳು. ದಿಂಬು ಓಲೆಯ ತಲೆಯನ್ನು ಒತ್ತಿ ಒತ್ತಿ ಕಡ್ಡಿ ವಾಲಿ, ತೂತಿನ ಒಂದು ಅಂಚನ್ನೇ ಅರೆಯುತ್ತಿತ್ತು. ಗಂಟು ಎದ್ದದ್ದೂ ಸರಿಯಾಗಿ ಆ ಅಂಚಿನಲ್ಲೇ. ನಾನು ಆರು ಮಿಲಿಮೀಟರ್ ಕಡ್ಡಿಗೆ ಬದಲಾಯಿಸಿದೆ, ಮುಂದಿನ ಹರಳು ಅದೇ. ಬಸ್ಸಿನಲ್ಲಿ ಕುತ್ತಿಗೆಗೆ ಹಾಕುವ ದಿಂಬು ತಂದು ಅದರ ನಡುವಿನ ಖಾಲಿಯಲ್ಲಿ ಕಿವಿ ಇಟ್ಟು ಮಲಗು ಅಂದೆ. ದಿನಕ್ಕೆರಡು ಸಲ ಸಲೈನ್, ಬೇರೆ ಏನೂ ಬೇಡ. ಐದು ವಾರದಲ್ಲಿ ಗಂಟು ಇಳಿಯಿತು.

ಅಲ್ಲಿಂದ ನನ್ನ ಪದ್ಧತಿ ಇಷ್ಟೇ. ಮೇಲ್ಗಿವಿಗೆ ಆರರಿಂದ ಎಂಟು ವಾರದೊಳಗೆ ಬಂದು ಕಡ್ಡಿ ಗಿಡ್ಡ ಮಾಡಿಸಿಕೊಳ್ಳಬೇಕು. ಅದರ ದುಡ್ಡನ್ನು ಮೊದಲೇ ಸಾವಿರದ ಇನ್ನೂರರಲ್ಲಿ ಸೇರಿಸಿಬಿಟ್ಟಿದ್ದೇನೆ. ಬೇರೆ ಕೇಳಿದರೆ ಯಾರೂ ಬರುವುದಿಲ್ಲ. ಬದಲಾಗುವುದು ಕಡ್ಡಿ ಮಾತ್ರ, ಓಲೆಯಲ್ಲ. ಇಷ್ಟ ಬಂದ ಓಲೆ ಹಾಕಲು ಹಾಲೆಗೆ ಎರಡು ತಿಂಗಳು ಸಾಕು, ಮೇಲ್ಗಿವಿಗೆ ಒಂಬತ್ತು ತಿಂಗಳಿಂದ ಒಂದು ವರ್ಷ ಬೇಕು. ಮೇಲಿನ ಚರ್ಮ ಬೇಗ ಮುಚ್ಚಿಕೊಂಡು ಮೋಸ ಮಾಡುತ್ತದೆ, ಒಳಗೆ ಇನ್ನೂ ಹಸಿಯೇ. ಬೆಳಿಗ್ಗೆ ಕಡ್ಡಿಯ ಸುತ್ತ ಹಕ್ಕಳೆ ಕಾಣುತ್ತಿದ್ದರೆ ಸಮಯ ಆಗಿಲ್ಲ ಅಂತಲೇ. ಓಲೆ ತಿರುಗಿಸಿ ಬಿಡಿಸಿಕೊಳ್ಳಿ ಅಂತ ನಾನೂ ಹೇಳುತ್ತಿದ್ದೆ. ಈಗ ಕೈ ಹಚ್ಚಿದರೆ ಬೈಯುತ್ತೇನೆ. ಅರಿಶಿನ ಎಣ್ಣೆಗೂ ಬೇಡ ಅಂದಿದ್ದೇನೆ, ಕಡ್ಡಿಯ ಸುತ್ತ ಗಟ್ಟಿಯಾಗಿ ರಸಿಕೆಯನ್ನು ಒಳಗೇ ಕಟ್ಟಿಹಾಕುತ್ತದೆ.

ಹಸಿ ತೂತಿನಲ್ಲಿ ದಾರಿ ತಪ್ಪದೆ ಕಡ್ಡಿ ಬದಲಾಯಿಸುವುದಕ್ಕೆ ನನ್ನದೊಂದು ಕೈಚಳಕ ಇದೆ. ಅದನ್ನು ಬರೆಯುವುದಿಲ್ಲ, ಬೀದಿಯಲ್ಲಿ ನಕ್ಕವರೂ ಓದುತ್ತಾರೆ. ತೂತಿನ ದಾರಿ ಹಿಡಿದಿಡುವ ಮೊನಚು ತುದಿಯ ಟೇಪರ್ ಪಿನ್ ಇಲ್ಲದೆ ಮಾತ್ರ ಕೈ ಹಾಕಬೇಡಿ, ಆ ತೂತು ನಿಮಿಷಗಳಲ್ಲಿ ಬಿಗಿದುಕೊಳ್ಳುತ್ತದೆ.

ಹೋದ ವರ್ಷ ಅರವತ್ತರ ಮೇಲೆ ಮೇಲ್ಗಿವಿ ಚುಚ್ಚಿದೆ. ಗಂಟಾಗಿ ಬಂದದ್ದು ನಾಲ್ಕೋ ಐದೋ. ಒಂದನ್ನು ಡಾಕ್ಟರ ಹತ್ತಿರ ಕಳಿಸಿದೆ. ಹಾಲೆ ಬಿಟ್ಟು ಮೇಲ್ಭಾಗ ಪೂರ್ತಿ ಕೆಂಪಾಗಿ, ಬಿಸಿಯಾಗಿ, ಮುಟ್ಟಿದರೆ ಕಿರುಚುವಷ್ಟು ನೋವಿತ್ತು. ಹಾಗಿದ್ದಾಗ ಒಂದು ದಿನವೂ ಕಾಯಬಾರದು, ಸೋಂಕು ಕಾರ್ಟಿಲೇಜನ್ನೇ ತಿಂದು ಕಿವಿ ಮುದುಡಿಹೋಗುತ್ತದೆ. ಓಲೆಯನ್ನು ನಾನು ತೆಗೆಯಲಿಲ್ಲ. ತೂತು ಮುಚ್ಚಿಕೊಂಡರೆ ಕೀವು ಒಳಗೇ ಉಳಿಯುತ್ತದೆ, ತೆಗೆಯಬೇಕೋ ಬೇಡವೋ ಡಾಕ್ಟರೇ ಹೇಳಬೇಕು.

ಈ ಯುಗಾದಿಗೆ ಆ ನರ್ಸಿಂಗ್ ಹುಡುಗಿ ಅಜ್ಜಿಯ ಬುಗುಡಿ ಹಿಡಿದುಕೊಂಡು ಬಂದಳು. ಹದಿನಾಲ್ಕು ತಿಂಗಳಾಗಿತ್ತು, ತೂತು ಒಣಗಿ ನುಣುಪಾಗಿತ್ತು. ಬುಗುಡಿಯ ಕಡ್ಡಿ ಮಾತ್ರ ದಪ್ಪ, ಉದ್ದಕ್ಕೂ ತಿರುಪಿನ ಗೆರೆ. ಅದನ್ನು ಕತ್ತರಿಸಿ 1.2 ಮಿಲಿಮೀಟರಿನ ನುಣುಪು ಚಿನ್ನದ ಕಡ್ಡಿ ಕೂರಿಸಬೇಕು, ತಿರುಪು ತುದಿಯ ಎರಡು ಮಿಲಿಮೀಟರಿನಲ್ಲಿ ಮಾತ್ರ ಇರಬೇಕು ಅಂತ ಲೆಕ್ಕ ಹಾಕುತ್ತಿದ್ದೆ. ಅಪ್ಪ ಬುಗುಡಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. 'ಬೆಸುಗೆ ನಾನು ಹಾಕ್ತೀನಿ ಬಿಡು, ನಿನ್ನ ಕೈ ತಗಡಿಗೆ ಒಗ್ಗೋಗಿದೆ' ಅಂದರು. ಕೂಲಿ ಒಂಬೈನೂರು, ಅದನ್ನೂ ಅವರೇ ಎಣಿಸಿ ಇಟ್ಟುಕೊಂಡರು.