ನವೆಂಬರ್ 1ರ ರಾಜ್ಯೋತ್ಸವ ದುಬೈಯಲ್ಲಿ ಅಕ್ಟೋಬರ್ 31ಕ್ಕೆ ಬಂದದ್ದು

ಉಡುಪಿಯ ನಮ್ಮ ಸಾಂಸ್ಕೃತಿಕ ಸಂಘದ ಕಾರ್ಯಕ್ರಮಗಳ ಕ್ಯಾಲೆಂಡರಿಗೆ ಬೇಕಾದ ತಂತ್ರಾಂಶವನ್ನು ಬರೆದವನು ನಾನೇ. ಸದಸ್ಯರು ಕಾರ್ಯಕ್ರಮಗಳನ್ನು ತಾವಾಗಿ ನಮೂದಿಸುತ್ತಾರೆ, ತಂತ್ರಾಂಶವು ಅವನ್ನು `.ics` ಫೈಲಾಗಿ ಎಲ್ಲರ ಮೊಬೈಲಿಗೂ ತಲುಪಿಸುತ್ತದೆ. 2024ರ ಅಕ್ಟೋಬರಿನಲ್ಲಿ ದುಬೈಯಲ್ಲಿರುವ ತಂಗಿಯ ಗಂಡ ಫೋನ್ ಮಾಡಿ, "ಭಾವ, ನಿಮ್ಮ ಕ್ಯಾಲೆಂಡರಿನಲ್ಲಿ ರಾಜ್ಯೋತ್ಸವ ಮೂವತ್ತೊಂದಕ್ಕೇ ಬಂದಿದೆಯಲ್ಲ ಮಾರಾಯ್ರೆ" ಎಂದರು. ನನ್ನ ಮೊಬೈಲಿನಲ್ಲಿ ಅದು ನವೆಂಬರ್ 1ಕ್ಕೇ ಇತ್ತು.

ಅವರು ಕಳುಹಿಸಿದ ಸ್ಕ್ರೀನ್‌ಶಾಟಿನಲ್ಲಿ ಕಾರ್ಯಕ್ರಮವು 31ರ ರಾತ್ರಿ 10.30ಕ್ಕೆ ಆರಂಭವಾಗಿ ಮರುದಿನ ರಾತ್ರಿ 10.30ಕ್ಕೆ ಮುಗಿಯುತ್ತಿತ್ತು. ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿರುವುದರಿಂದ, ಇಲ್ಲಿ ರಾತ್ರಿ 12 ಆದಾಗ ಅಲ್ಲಿ 10.30. ಅಷ್ಟು ಹೊಳೆದ ಮೇಲೆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ.

```
DTSTART:20241031T183000Z
DTEND:20241101T183000Z
```

ನಾನು "ನವೆಂಬರ್ 1, ಇಡೀ ದಿನ" ಎಂದು ತುಂಬಿದ್ದನ್ನು ತಂತ್ರಾಂಶವು ಉಡುಪಿಯ ನವೆಂಬರ್ 1ರ ರಾತ್ರಿ 12 ಗಂಟೆ ಎಂದು ಭಾವಿಸಿ, ಅದರಿಂದ ಐದೂವರೆ ಗಂಟೆ ಕಳೆದು, ಯುಟಿಸಿಯ 31ರ ಸಂಜೆ 18:30 ಎಂದು ಬರೆದಿತ್ತು. ಕೊನೆಯ `Z` ಯುಟಿಸಿಯ ಗುರುತು. ಹೀಗೆ ಬರೆದ ಮೇಲೆ ಅದು ತಾರೀಕಾಗಿ ಉಳಿಯದೆ ಒಂದು ಕ್ಷಣವಾಗುತ್ತದೆ, ಕ್ಷಣವನ್ನು ತನ್ನೂರಿನ ಗಡಿಯಾರಕ್ಕೆ ಪರಿವರ್ತಿಸಿ ತೋರಿಸುವುದು ಮೊಬೈಲಿನ ಕೆಲಸ. ದುಬೈಯ ಮೊಬೈಲು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು, ತಪ್ಪು ನನ್ನದು. ಗೋಡೆಯ ಕ್ಯಾಲೆಂಡರಿನ ಒಂದು ಚೌಕಕ್ಕೆ ಗಂಟೆಯೂ ಇಲ್ಲ, ಕಾಲವಲಯವೂ ಇಲ್ಲ.

ಅವಸರದಲ್ಲಿ ನಾನು ಮಾಡಿದ ಮೊದಲ ತಿದ್ದುಪಡಿ ಇನ್ನೂ ಕೆಟ್ಟದಾಗಿತ್ತು. ಸಮಯದ ಭಾಗವನ್ನು ಕತ್ತರಿಸಿದರೆ ತಾರೀಕು ಉಳಿಯುತ್ತದೆಂದು ಹೀಗೆ ಬರೆದೆ:

```
d.toISOString().slice(0, 10)
```

`toISOString` ಯಾವಾಗಲೂ ಯುಟಿಸಿಯಲ್ಲೇ ಬರೆಯುವುದರಿಂದ ಕತ್ತರಿಸಿದಾಗ ಉಳಿದದ್ದು `2024-10-31`. ಈಗ ಉಡುಪಿಯಲ್ಲಿಯೂ ರಾಜ್ಯೋತ್ಸವ 31ಕ್ಕೆ ಬಂತು, ಅದೂ ಗಂಟೆಯ ಸುಳಿವೇ ಇಲ್ಲದ ಇಡೀ ದಿನದ ಪಟ್ಟಿಯಾಗಿ. ಎರಡು ತಪ್ಪುಗಳನ್ನು ಬೇರ್ಪಡಿಸಿ ಗುರುತಿಸುವುದು ಹೀಗೆಯೇ: 10.30ರಂಥ ವಿಚಿತ್ರ ಸಮಯ ಕಂಡರೆ ತಾರೀಕು ಕ್ಷಣವಾಗಿ ಪ್ರಯಾಣ ಮಾಡಿದೆ, ಪಟ್ಟಿ ಸರಿಯಿದ್ದು ಚೌಕ ತಪ್ಪಿದ್ದರೆ ಪರಿವರ್ತನೆಯಾದ ಮೇಲೆ ಯಾರೋ ಕತ್ತರಿಸಿದ್ದಾರೆ. ನನ್ನ ಪರೀಕ್ಷೆಗಳಲ್ಲಿ ಇದು ಸಿಕ್ಕಿಬೀಳದಿರಲು ಕಾರಣ, ಅವು ಯುಟಿಸಿಯಲ್ಲಿದ್ದ ಸರ್ವರಿನಲ್ಲಿ ನಡೆಯುತ್ತಿದ್ದವು. ಅಲ್ಲಿ ರಾತ್ರಿ 12 ಎಂದರೆ ಯುಟಿಸಿಯಲ್ಲೂ ರಾತ್ರಿ 12. ಈಗ ಅವನ್ನು `TZ=Asia/Kolkata` ಎಂದು ಇಟ್ಟೂ ಓಡಿಸುತ್ತೇನೆ.

ಕೊನೆಗೆ ತಾರೀಕು ಎಲ್ಲಿಯೂ ಕ್ಷಣವಾಗದಂತೆ ನೋಡಿಕೊಂಡೆ. ಫಾರ್ಮಿನಿಂದ ಬಂದ `2024-11-01` ಎಂಬ ಅಕ್ಷರಗಳು ಹಾಗೆಯೇ ಡೇಟಾಬೇಸಿನ `date` ಕಾಲಮ್ಮಿಗೆ ಹೋಗಿ, ಅಲ್ಲಿಂದ ಹೀಗೆ ಹೊರಬರುತ್ತವೆ:

```
DTSTART;VALUE=DATE:20241101
DTEND;VALUE=DATE:20241102
```

ಎರಡನೆಯ ಸಾಲಿನ 2 ಕೈತಪ್ಪಲ್ಲ. `DTEND`ನಲ್ಲಿ ಬರೆದ ದಿನವು ಕಾರ್ಯಕ್ರಮದೊಳಗೆ ಸೇರುವುದಿಲ್ಲ. ಇದನ್ನು ತಿಳಿಯದೆ 1 ಎಂದು "ಸರಿಪಡಿಸುವ" ಆಸೆ ನನಗೂ ಬಂದಿತ್ತು.

ಹಳೆಯ ನಮೂದುಗಳನ್ನು ಮಾತ್ರ ಪರಿವರ್ತಿಸಲೇಬೇಕಿತ್ತು. ಇಡೀ ದಿನದ್ದೆಂದು ಗುರುತು ಮಾಡಿದ ಸಾಲುಗಳನ್ನಷ್ಟೇ ಆರಿಸಿಕೊಂಡೆ, ಏಕೆಂದರೆ ರಾತ್ರಿ 9.30ಕ್ಕೆ ನಿಜವಾಗಿಯೂ ಆರಂಭವಾಗುವ ಯಕ್ಷಗಾನಗಳೂ ಅದೇ ಪಟ್ಟಿಯಲ್ಲಿದ್ದವು.

```
(starts_at AT TIME ZONE 'Asia/Kolkata')::date
```

ಉಡುಪಿಯಲ್ಲಿ ತುಂಬಿದವೆಲ್ಲ ಸರಿಹೋದವು. ದುಬೈಯಿಂದ ತುಂಬಿದವೂ ಅದೃಷ್ಟವಶಾತ್ ಸರಿಯಾದವು, ಏಕೆಂದರೆ ಅಲ್ಲಿಯ ರಾತ್ರಿ 12 ಎಂದರೆ ಇಲ್ಲಿ ಅದೇ ತಾರೀಕಿನ ಬೆಳಗಿನ ಜಾವ 1.30. ಲಂಡನ್, ನ್ಯೂಯಾರ್ಕ್‌ಗಳದ್ದೂ ಹಾಗೆಯೇ, ಗಂಟೆ ಮುಂದೆ ಹೋದರೂ ತಾರೀಕು ದಾಟುವುದಿಲ್ಲ. ಆದರೆ ಸಿಂಗಾಪುರದ ರಾತ್ರಿ 12 ಎಂದರೆ ಇಲ್ಲಿ ಹಿಂದಿನ ದಿನದ ರಾತ್ರಿ 9.30, ಅಲ್ಲಿಯ ಸದಸ್ಯೆಯೊಬ್ಬರು ತುಂಬಿದ ಮೂರು ಕಾರ್ಯಕ್ರಮಗಳು ಒಂದು ದಿನ ಹಿಂದಕ್ಕೇ ಬಿದ್ದವು. ಯುಟಿಸಿಯಲ್ಲಿ 16:00 ಎಂದಿದ್ದ ಆ ಸಾಲುಗಳನ್ನು ಹುಡುಕಿ ತೆಗೆದು, ಆಮಂತ್ರಣ ಪತ್ರಿಕೆಗಳನ್ನು ಪಕ್ಕದಲ್ಲಿಟ್ಟುಕೊಂಡು, ಕೈಯಲ್ಲೇ ತಿದ್ದಿದೆ.