ಒಂದೇ ಶೇಂಗಾ, ಎರಡು ಎಣ್ಣೆ: ಒಗ್ಗರಣೆಗೆ ಯಾವುದು, ಕರಿಯಲು ಯಾವುದು?

ಪುಣೆಯಲ್ಲೂ ಮುಂಬೈಯಲ್ಲೂ ‘ಲಾಕಡಿ ಘಾಣಾ’ ಎಂದು ಬೋರ್ಡು ಹಾಕಿದ ಅಂಗಡಿಗಳು ಈಗ ಬೇಕಾದಷ್ಟಿವೆ. ಅಲ್ಲಿಂದ ಶೇಂಗಾ ಎಣ್ಣೆ ತಂದವರು ಮೊದಲ ಸಲ ಪೂರಿ ಕರಿದಾಗ ಹೇಳುವುದು ಒಂದೇ ಮಾತು: ಮನೆ ತುಂಬ ಹೊಗೆ, ಬಾಣಲೆ ತುಂಬ ನೊರೆ, ಎಣ್ಣೆಯಲ್ಲಿ ಏನೋ ಬೆರಕೆ ಇದೆ. ಹೆಚ್ಚಿನ ಸಲ ಬೆರಕೆ ಏನೂ ಇರುವುದಿಲ್ಲ. ಒಗ್ಗರಣೆಗೆ ತಕ್ಕ ಎಣ್ಣೆಯನ್ನು ಕರಿಯಲು ಇಟ್ಟಿರುತ್ತಾರೆ, ಅಷ್ಟೇ.

ಪ್ರತಿ ಎಣ್ಣೆಗೂ ಹೊಗೆಯಾಡುವ ಒಂದು ಕಾವು ಇದೆ. ಅದನ್ನೇ ಸ್ಮೋಕ್ ಪಾಯಿಂಟ್ ಎನ್ನುತ್ತಾರೆ. ಗಾಣದ ಶೇಂಗಾ ಎಣ್ಣೆ ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊಗೆ ಬಿಡಲು ಶುರುಮಾಡುತ್ತದೆ. ರಿಫೈನ್ಡ್ ಶೇಂಗಾ ಎಣ್ಣೆ ಸುಮಾರು 230ರವರೆಗೆ ತಡೆಯುತ್ತದೆ. ಪೂರಿ ಉಬ್ಬಬೇಕಾದರೆ ಎಣ್ಣೆ 180ರಿಂದ 190 ಡಿಗ್ರಿ ಇರಬೇಕು. ಅಂದರೆ ಗಾಣದ ಎಣ್ಣೆಯಲ್ಲಿ ಪೂರಿ ಉಬ್ಬುವ ಮೊದಲೇ ಹೊಗೆ ಏಳುತ್ತದೆ.

ಕಾಳು ಒಂದೇ ಆದರೂ ಎಪ್ಪತ್ತು ಡಿಗ್ರಿ ವ್ಯತ್ಯಾಸ ಎಲ್ಲಿಂದ ಬಂತು? ಗಾಣದಲ್ಲಿ ಕಾಳು ಅರೆದು ಹಿಂಡಿದಾಗ ಎಣ್ಣೆಯ ಜೊತೆಗೆ ಕಾಳಿನ ನುಣುಪು ಪುಡಿ, ಅಂಟಿನಂಥ ಅಂಶ, ಚೂರು ತೇವ, ಬಿಡಿಬಿಡಿಯಾದ ಕೊಬ್ಬಿನ ಆಮ್ಲ ಎಲ್ಲವೂ ಬರುತ್ತವೆ. ಶೇಂಗಾದ ಪರಿಮಳವೂ ಅದರೊಂದಿಗೇ ಬರುತ್ತದೆ. ಕಾವು ಏರಿದಾಗ ಮೊದಲು ಸುಡುವುದು ಆ ಪುಡಿ, ಮೊದಲು ಹೊಗೆಯಾಗುವುದು ಆ ಬಿಡಿ ಆಮ್ಲ. ನೊರೆ ಏಳಿಸುವುದು ಅಂಟು ಮತ್ತು ತೇವ. ರಿಫೈನರಿಯಲ್ಲಿ ಅಂಟನ್ನು ಬೇರ್ಪಡಿಸಿ, ಕಾಸ್ಟಿಕ್ ಸೋಡಾದಿಂದ ಆಮ್ಲ ತೆಗೆದು, ಒಂದು ಬಗೆಯ ಮಣ್ಣಿನಲ್ಲಿ ಸೋಸಿ ಬಣ್ಣ ಇಳಿಸಿ, ಕೊನೆಗೆ ನಿರ್ವಾತದಲ್ಲಿ 200 ಡಿಗ್ರಿಗೂ ಮೀರಿದ ಕಾವಿನಲ್ಲಿ ಹಬೆ ಹಾಯಿಸಿ ವಾಸನೆ ತೆಗೆಯುತ್ತಾರೆ. ಹೊಗೆ ಎಬ್ಬಿಸುವುದೆಲ್ಲ ಹೋಯಿತು, ಪರಿಮಳವೂ ಹೋಯಿತು, ವಿಟಮಿನ್ ಇ ಒಂದಷ್ಟು ಹೋಯಿತು. ಉಳಿದ ಕೊಬ್ಬು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಒಂದು ದೊಡ್ಡ ಚಮಚಕ್ಕೆ ಸುಮಾರು 120 ಕ್ಯಾಲೊರಿ, ಗಾಣದ್ದಾದರೂ ಅಷ್ಟೇ, ಪಾಕೀಟಿನದ್ದಾದರೂ ಅಷ್ಟೇ. ಗಾಣದ್ದು ಒಳ್ಳೆಯದೆಂದು ಎರಡು ಚಮಚ ಹೆಚ್ಚು ಸುರಿಯುವವರು ಇದನ್ನು ಮರೆಯುತ್ತಾರೆ.

160 ಎಂಬುದು ಕಲ್ಲಿನಲ್ಲಿ ಕೊರೆದ ಗೆರೆಯಲ್ಲ. ಹೊಸ ಕಾಳಿನ, ಚೆನ್ನಾಗಿ ತಿಳಿಯಾದ ಎಣ್ಣೆ ಇನ್ನೂ ಸ್ವಲ್ಪ ಮೇಲೆ ಹೋಗುತ್ತದೆ. ಹಳೆಯ ಕಾಳಿನದು ಅದಕ್ಕೂ ಮೊದಲೇ ಹೊಗೆ ಬಿಡುತ್ತದೆ. ಹಾಗಾಗಿ ಗಾಣದಿಂದ ತಂದ ಎಣ್ಣೆಯನ್ನು ಅಂದೇ ಒಲೆಗೆ ಇಡಬೇಡಿ. ಸ್ಟೀಲ್ ಡಬ್ಬಿಯಲ್ಲಿ ಎರಡು ಮೂರು ದಿನ ಅಲುಗಾಡಿಸದೆ ಇಟ್ಟರೆ ಗಸಿ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ನಿಧಾನವಾಗಿ ಬೇರೆ ಡಬ್ಬಿಗೆ ಬಗ್ಗಿಸಿಕೊಳ್ಳಿ. ತಳದ ಗಸಿ ಎಣ್ಣೆಯನ್ನು ಎಸೆಯಬೇಕಿಲ್ಲ, ಚಟ್ನಿಪುಡಿ ಕಲಸಲು ಅದೇ ರುಚಿ.

ಇನ್ನು ಹೊಗೆ ಯಾವುದು, ಹಬೆ ಯಾವುದು ಎಂದು ಗುರುತಿಸುವುದು. ಹಸಿ ಹಿಟ್ಟು ಬಿಟ್ಟಾಗ ಮೇಲೇಳುವ ಬಿಳಿ ಮೋಡ ನೀರಿನ ಹಬೆ, ಅದಕ್ಕೆ ಹೆದರಬೇಕಿಲ್ಲ. ಏನೂ ಬಿಡದೆ ಬರೀ ಎಣ್ಣೆ ಕಾಯುತ್ತಿರುವಾಗ ಬಾಣಲೆಯ ಮೇಲೆ ತೆಳ್ಳಗೆ ನೀಲಿ ಛಾಯೆಯ ಎಳೆ ಕಂಡು, ಮೂಗು ಚುರುಗುಟ್ಟಿ, ಕಣ್ಣು ಉರಿದರೆ ಅದು ನಿಜವಾದ ಹೊಗೆ. ಎಣ್ಣೆ ಒಡೆದು ಅಕ್ರೋಲೀನ್ ಎಂಬ ಘಾಟು ಹೊರಟಿದೆ ಎಂದರ್ಥ. ಮೊದಲ ಎಳೆ ಕಂಡಾಗಲೇ ಗ್ಯಾಸ್ ಆರಿಸಿದರೆ ಎಣ್ಣೆ ಉಳಿಯಿತು. ದಟ್ಟ ಹೊಗೆ ಬಂದಿದ್ದರೆ ಆ ಎಣ್ಣೆಯ ಕಥೆ ಮುಗಿಯಿತು, ಬಳಸಬೇಡಿ. ಬೆಂಕಿಯೇ ಹತ್ತಿದರೆ ಗ್ಯಾಸ್ ಆರಿಸಿ ಮುಚ್ಚಳ ಮುಚ್ಚಿ, ನೀರು ಮಾತ್ರ ಹಾಕಬೇಡಿ.

ದೀಪಾವಳಿಯ ಭಾಜಣಿ ಚಕ್ಕಲಿಯನ್ನೇ ತೆಗೆದುಕೊಳ್ಳಿ. ಮಹಾರಾಷ್ಟ್ರದಲ್ಲಿರುವ ನಮ್ಮವರ ಮನೆಗಳಲ್ಲೂ ಈಗ ಇದೇ ರೂಢಿ. ಇದರಲ್ಲಿ ಎರಡೂ ಎಣ್ಣೆಗೆ ಜಾಗ ಇದೆ. ಒಂದು ಕಿಲೋ ಭಾಜಣಿ ಹಿಟ್ಟಿಗೆ ಎಂಟು ದೊಡ್ಡ ಚಮಚ, ಅಂದರೆ ಸುಮಾರು 120 ಮಿಲಿಲೀಟರ್ ಕಾದ ಎಣ್ಣೆ ಬೇಕು. ಇಲ್ಲಿ ಗಾಣದ ಶೇಂಗಾ ಎಣ್ಣೆಯನ್ನೇ ಹಾಕಿ. ಚಿಟಿಕೆ ಹಿಟ್ಟು ಹಾಕಿದರೆ ಸುತ್ತ ಗುಳ್ಳೆ ಎದ್ದು ಚುಂಯ್ ಎನ್ನಬೇಕು, ಅಷ್ಟು ಕಾದರೆ ಸಾಕು. ಹೊಗೆಯವರೆಗೆ ಕಾಯಿಸಿದರೆ ಯಾವ ಪರಿಮಳಕ್ಕಾಗಿ ಗಾಣದ ಎಣ್ಣೆ ತಂದಿರೋ ಅದೇ ಹೋಗುತ್ತದೆ. ಹಿಟ್ಟಿಗೆ ಸುರಿದು ಚಮಚದಿಂದ ಕಲಸಿ, ಆರಿದ ಮೇಲೆ ಕೈಯಿಂದ ಉಜ್ಜಿ. ಎಂಟು ಚಮಚ ಹನ್ನೆರಡಾದರೆ ಚಕ್ಕಲಿ ಬಾಣಲೆಯಲ್ಲೇ ಬಿಚ್ಚಿಕೊಂಡು ಚೂರಾಗುತ್ತದೆ, ನಾಲ್ಕಾದರೆ ಹಲ್ಲಿಗೆ ಗಟ್ಟಿ.

ಕರಿಯಲು ರಿಫೈನ್ಡ್ ಶೇಂಗಾ ಎಣ್ಣೆ ಇಡಿ. ಒಂದು ಲೀಟರ್ ಎಣ್ಣೆಗೆ ಮೂರು ಲೀಟರ್ ಹಿಡಿಯುವ ಬಾಣಲೆ ಇರಲಿ, ಮೂರನೇ ಒಂದು ಭಾಗಕ್ಕಿಂತ ಮೇಲೆ ತುಂಬಬೇಡಿ. ಚಕ್ಕಲಿ ಬಿಡುವಾಗ ಎಣ್ಣೆ ಸುಮಾರು 170 ಡಿಗ್ರಿ ಇರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಗೋಲಿಯಷ್ಟು ಹಿಟ್ಟು ಬಿಟ್ಟು ನೋಡಿ: ಅದು ಒಮ್ಮೆ ತಳಕ್ಕೆ ಹೋಗಿ, ಒಂದೆರಡು ಕ್ಷಣ ತಡೆದು, ಗುಳ್ಳೆಗಳೊಂದಿಗೆ ಮೇಲೆ ಬಂದರೆ ಸರಿಯಾದ ಕಾವು. ಬಿಟ್ಟ ಕೂಡಲೇ ಮೇಲೆ ಹಾರಿ ಕೆಂಪಾದರೆ ಅದು ಪೂರಿಯ ಕಾವು, ಚಕ್ಕಲಿ ಹೊರಗೆ ಕೆಂಪಾಗಿ ಒಳಗೆ ಮೆತ್ತಗೆ ಉಳಿದು ಮರುದಿನ ಗರಿ ಕಳೆದುಕೊಳ್ಳುತ್ತದೆ. ತಳದಲ್ಲೇ ಕೂತರೆ ಎಣ್ಣೆ ತಣ್ಣಗಿದೆ, ಚಕ್ಕಲಿ ಎಣ್ಣೆ ಕುಡಿಯುತ್ತದೆ. ನಾಲ್ಕೈದು ಚಕ್ಕಲಿ ಬಿದ್ದ ಕೂಡಲೇ ಕಾವು ಇಳಿಯುತ್ತದೆ, ಆದ್ದರಿಂದ ಮೊದಲ ನಿಮಿಷ ಉರಿ ಮಧ್ಯಮ ಇರಲಿ, ಗುಳ್ಳೆ ಕಡಿಮೆಯಾಗುತ್ತ ಬಂದಂತೆ ಸಣ್ಣದು ಮಾಡಿ. ಒಂದು ಬಾರಿಯದು ತೆಗೆದು ಇನ್ನೊಂದು ಒತ್ತುವ ನಡುವೆ ಉರಿ ತಗ್ಗಿಸಲು ಮರೆಯಬೇಡಿ. ಬರಿದಾದ ಎಣ್ಣೆಯ ಕಾವು ಬೇಗ ಏರುತ್ತದೆ, ಹೊಗೆ ಬರುವುದು ಹೆಚ್ಚಾಗಿ ಈ ಬಿಡುವಿನಲ್ಲೇ.

ಹಾಗಾದರೆ ಅಜ್ಜಿಯಂದಿರು ಗಾಣದ ಎಣ್ಣೆಯಲ್ಲೇ ಕರಿಯುತ್ತಿರಲಿಲ್ಲವೇ? ಕರಿಯುತ್ತಿದ್ದರು. ಇಂದಿಗೂ ನಾಲ್ಕು ಭಜಿ, ಒಂದು ತಟ್ಟೆ ವಡೆಯನ್ನು ಮಧ್ಯಮ ಉರಿಯಲ್ಲಿ ಧಾರಾಳವಾಗಿ ಕರಿಯಬಹುದು, ರುಚಿಯೂ ಹೆಚ್ಚು. ಕಷ್ಟವಾಗುವುದು ಎರಡು ಗಂಟೆ ಬಿಡದೆ ಕರಿಯುವಾಗ ಮತ್ತು ದೊಡ್ಡ ಉರಿ ಬೇಕಾದಾಗ.

ಸ್ಮೋಕ್ ಪಾಯಿಂಟ್ ಒಂದನ್ನೇ ನೋಡಿ ಎಣ್ಣೆ ಆರಿಸುವುದೂ ಸರಿಯಲ್ಲ. ರಿಫೈನ್ಡ್ ಸೂರ್ಯಕಾಂತಿಯದೂ 230ರ ಆಸುಪಾಸು, ಶೇಂಗಾದಷ್ಟೇ. ಆದರೆ ಸೂರ್ಯಕಾಂತಿಯ ಕೊಬ್ಬು ಗಾಳಿ ಮತ್ತು ಕಾವಿಗೆ ಬೇಗ ಕೆಡುವ ಜಾತಿಯದು. ಮತ್ತೆ ಮತ್ತೆ ಕಾಯಿಸಿದರೆ ಬಾಣಲೆಯ ಅಂಚಿನಲ್ಲಿ ಉಜ್ಜಿದರೂ ಹೋಗದ ಹಳದಿ ಗೋಂದು ಕಟ್ಟುತ್ತದೆ. ಅದು ಎಣ್ಣೆ ಕೆಟ್ಟ ಗುರುತು. ಹೊತ್ತುಗಟ್ಟಲೆ ಕರಿಯುವುದಿದ್ದರೆ ಶೇಂಗಾ ಅಥವಾ ರೈಸ್ ಬ್ರಾನ್ ವಾಸಿ. ಸೋಲಾಪುರ ಕಡೆಯವರಿಗೆ ಪ್ರೀತಿಯ ಕುಸುಬಿ, ಇಲ್ಲಿನ ಅಂಗಡಿಯಲ್ಲಿ ‘ಕರ್ಡಿ’ ಎಂದು ಕೇಳಬೇಕು, ಅದರದು ಇನ್ನೂ ವಿಚಿತ್ರ: ರಿಫೈನ್ಡ್ ಆದರೆ 260 ಡಿಗ್ರಿಯ ಹತ್ತಿರ ಹೋಗುತ್ತದೆ, ಗಾಣದ್ದು ಸುಮಾರು 107ಕ್ಕೇ ಹೊಗೆ ಬಿಡುತ್ತದೆ. ಗಾಣದ ಕುಸುಬಿ ಎಣ್ಣೆಯನ್ನು ಬಿಸಿ ರೊಟ್ಟಿಯ ಮೇಲೆ, ಚಟ್ನಿಯ ಮೇಲೆ ಹಸಿಯಾಗಿಯೇ ಹಾಕಿಕೊಳ್ಳಿ. ಗೋವಾದಲ್ಲಿ ಇರುವವರಿಗೆ ಕೊಬ್ಬರಿ ಎಣ್ಣೆ ಸಲೀಸು. ಗಾಣದ್ದು ಸುಮಾರು 175 ಡಿಗ್ರಿ ತಡೆಯುತ್ತದೆ, ಬೇಗ ಕೆಡುವ ಜಾತಿಯೂ ಅಲ್ಲ. ತವೆಯ ಮೇಲೆ ಮೀನು ಹುರಿಯಲು, ಪಲ್ಯಕ್ಕೆ ಅದೇ ಸಾಕು.

ಕೊಳ್ಳುವಾಗ ಬೆಲೆಯಿಂದಲೇ ಅರ್ಧ ತಿಳಿಯುತ್ತದೆ. ಗಾಣದಲ್ಲಿ ಒಂದು ಲೀಟರ್ ಶೇಂಗಾ ಎಣ್ಣೆ ಬರಬೇಕಾದರೆ ಎರಡೂಕಾಲರಿಂದ ಎರಡೂವರೆ ಕಿಲೋ ಕಾಳು ಬೇಕು. ಆ ಅಂಗಡಿಯ ಬೀದಿಯಲ್ಲೇ ಕಾಳಿನ ದರ ಕೇಳಿ ಗುಣಿಸಿ. ಹಿಂಡಿ ಮಾರಿ ಸ್ವಲ್ಪ ದುಡ್ಡು ಬರುತ್ತದೆ ನಿಜ, ಆದರೂ ಕಾಳಿನ ಬೆಲೆಗಿಂತ ತೀರಾ ಅಗ್ಗವಾಗಿ ಎಣ್ಣೆ ಕೊಟ್ಟರೆ ಅದು ಬರೀ ಶೇಂಗಾದ್ದಲ್ಲ. ಸಾಧ್ಯವಾದರೆ ಗಾಣಕ್ಕೆ ಹಾಕುವ ಕಾಳನ್ನು ಕೈಗೆ ತೆಗೆದುಕೊಂಡು ನೋಡಿ. ಕಪ್ಪಾದ, ಸುಕ್ಕಿದ, ಬೂಷ್ಟು ಹಿಡಿದ ಕಾಳು ಕಂಡರೆ ಆ ಎಣ್ಣೆ ಬೇಡ. ಬೂಷ್ಟಿನ ಅಫ್ಲಾಟಾಕ್ಸಿನ್ ವಿಷ ಗಾಣದ ಎಣ್ಣೆಗೆ ಇಳಿಯಬಲ್ಲದು, ರಿಫೈನಿಂಗ್‌ನಲ್ಲಿ ಅದು ಹೋಗುತ್ತದೆ. ‘ಫಿಲ್ಟರ್ಡ್’ ಎಂದು ಬರೆದ ಶೇಂಗಾ ಎಣ್ಣೆ ಈ ಎರಡರ ನಡುವಿನದು: ಹೆಚ್ಚಾಗಿ ಯಂತ್ರದಲ್ಲಿ ಬಿಸಿಯಾಗಿ ಹಿಂಡಿ ಬರೀ ಸೋಸಿರುತ್ತಾರೆ, ಪರಿಮಳ ಇರುತ್ತದೆ, ಗಸಿ ಇರುವುದಿಲ್ಲ. ದಿನದ ಅಡುಗೆಗೆ ಒಂದೇ ಎಣ್ಣೆ ಸಾಕು ಎನ್ನುವ ಚಿಕ್ಕ ಮನೆಗೆ ಅದು ಕೆಟ್ಟ ಆಯ್ಕೆಯಲ್ಲ. ಬಾಟಲಿಯಲ್ಲಿ ಒಂದು ಲೀಟರ್ ಇದೆಯೋ ಒಂದು ಕಿಲೋ ಇದೆಯೋ ನೋಡಿಕೊಂಡೇ ದರ ಹೋಲಿಸಿ. ಲೀಟರ್ ಎಣ್ಣೆ ತೂಗುವುದು ಸುಮಾರು 910 ಗ್ರಾಂ.

ಗಾಣದ ಎಣ್ಣೆ ಎರಡು ಮೂರು ತಿಂಗಳಿಗೆ ಆಗುವಷ್ಟೇ ತನ್ನಿ. ಮುಂಬೈಯ ಮಳೆಗಾಲದಲ್ಲಿ ಒಂದು ತಿಂಗಳಿನದು ಸಾಕು. ಒಲೆಯ ಪಕ್ಕ, ಕಿಟಕಿಯ ಬಿಸಿಲಲ್ಲಿ, ತಾಮ್ರ ಹಿತ್ತಾಳೆಯ ಪಾತ್ರೆಯಲ್ಲಿ ಇಟ್ಟರೆ ಬೇಗ ಕಮಟು ವಾಸನೆ ಬರುತ್ತದೆ. ಒದ್ದೆ ಚಮಚ ಅದ್ದಿದರೂ ಅಷ್ಟೇ. ಪುಣೆಯ ಚಳಿಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದರೆ ಕೆಟ್ಟಿತೆಂದು ತಿಳಿಯಬೇಡಿ, 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುವುದೇ ಸಹಜ.

ಕರಿದು ಉಳಿದ ಎಣ್ಣೆ ಉಗುರುಬೆಚ್ಚಗಾದಾಗ ತೆಳು ಬಟ್ಟೆಯಲ್ಲಿ ಸೋಸಿ, ಮುಚ್ಚಿಟ್ಟು, ಮುಂದಿನ ಕೆಲವು ದಿನಗಳಲ್ಲಿ ಪಲ್ಯ ಒಗ್ಗರಣೆಗೆ ಮುಗಿಸಿ. ಪ್ರತಿ ಸಲ ಕಾಯಿಸಿದಾಗಲೂ ಅದರ ಹೊಗೆಯ ಕಾವು ಕೆಳಗಿಳಿಯುತ್ತದೆ, 230ರ ಎಣ್ಣೆ 230ರಲ್ಲೇ ಉಳಿಯುವುದಿಲ್ಲ. ಕರಿಯುತ್ತಿರುವಾಗಲೇ ಕಡಿಮೆಯಾದಷ್ಟು ಹೊಸದು ಸೇರಿಸಬಹುದು, ವಾರದ ಹಿಂದಿನ ಎಣ್ಣೆಗೆ ಮಾತ್ರ ಹೊಸದು ಬೆರೆಸಬೇಡಿ, ಹಳೆಯದು ಹೊಸದನ್ನೂ ಕೆಡಿಸುತ್ತದೆ. ಎಣ್ಣೆ ಕಪ್ಪಾಗಿ ಮಂದವಾದರೆ, ಎದ್ದ ನೊರೆ ಇಳಿಯದೆ ನಿಂತರೆ, ಎಂದಿಗಿಂತ ಸಣ್ಣ ಉರಿಯಲ್ಲೇ ಹೊಗೆ ಬಂದರೆ ಇನ್ನು ಬೇಡ. ಆಹಾರ ಸುರಕ್ಷತೆಯ ಸರಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ 2018ರ ಜುಲೈಯಿಂದ, ಕಾಯಿಸಿ ಕಾಯಿಸಿ ಎಣ್ಣೆಯಲ್ಲಿ ಹುಟ್ಟುವ ಪೋಲಾರ್ ಅಂಶ ಶೇ 25 ದಾಟಿದರೆ ಅದನ್ನು ಬಳಸಬಾರದೆಂದು ನಿಯಮ ಮಾಡಿದೆ. ಮನೆಯಲ್ಲಿ ಅದನ್ನು ಅಳೆಯುವ ಉಪಕರಣ ಇರುವುದಿಲ್ಲವಾದ್ದರಿಂದ ಮೇಲಿನ ಗುರುತುಗಳನ್ನೇ ನಂಬಿ. ಕೆಟ್ಟ ಎಣ್ಣೆಯನ್ನು ಸಿಂಕಿಗೆ ಸುರಿದರೆ ಇಡೀ ಬಿಲ್ಡಿಂಗಿನ ಪೈಪು ಕಟ್ಟಿಕೊಳ್ಳುತ್ತದೆ. ಹಳೆಯ ಬಾಟಲಿಗೆ ತುಂಬಿ ಬಿರಡೆ ಬಿಗಿದು ಕಸದ ಗಾಡಿಯವರಿಗೆ ಬೇರೆಯಾಗಿ ಕೊಡಿ.